ಅರ್ಧ ಕೆಜಿ ಮಿಡಿ ಉಪ್ಪಿನಕಾಯಿಗೆ 130 ರೂಪಾಯಿ ಯಾಕೆ ಸಾಲದು

ಸ್ವಸಹಾಯ ಸಂಘಗಳಿಗೆ ಲೆಕ್ಕ ಬರೆಯೋದು ಹೇಳಿಕೊಡುವುದು ನನ್ನ ಕೆಲಸ. ಹೋದ ಕಡೆಯೆಲ್ಲ ಊಟದ ಎಲೆಗೆ ಉಪ್ಪಿನಕಾಯಿ ಬೀಳುತ್ತದೆ, ಹಾಗಾಗಿ ರುಚಿಯ ಬಗ್ಗೆ ನನ್ನ ತಕರಾರು ಯಾವತ್ತೂ ಇಲ್ಲ. ತಕರಾರು ಇರುವುದು ವಾಟ್ಸ್ಆ್ಯಪ್‌ನಲ್ಲಿ ಬಿಡುವ ಪ್ರಕಟಣೆಯ ಬಗ್ಗೆ.

ಸಾಗರದ ಕಡೆಯ ಹತ್ತು ಹೆಂಗಸರ ಒಂದು ಸಂಘ ಮೊದಲ ಸಲ ಬಿಟ್ಟ ಪ್ರಕಟಣೆ ಹೀಗಿತ್ತು: "ಶುಚಿ ರುಚಿಯಾದ ಮನೆ ಉಪ್ಪಿನಕಾಯಿ, ಚಕ್ಕುಲಿ, ಕೋಡುಬಳೆ ದೊರೆಯುತ್ತದೆ. ಬೇಕಾದವರು ಸಂಪರ್ಕಿಸಿ." ಕೆಳಗೆ ಮೂವರ ಫೋನ್ ನಂಬರ್. ರೇಟಿಲ್ಲ, ತೂಕವಿಲ್ಲ, ಎಲ್ಲಿಗೆ ಕಳಿಸುತ್ತಾರೆ ಅನ್ನೋದೂ ಇಲ್ಲ. ಎರಡು ದಿನ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಮೂವರೂ ಮೂರು ರೇಟ್ ಹೇಳಿದರು. ಒಬ್ಬರು ಬೀದರ್‌ಗೂ ಚಕ್ಕುಲಿ ಕಳಿಸುತ್ತೇವೆ ಅಂದುಬಿಟ್ಟಿದ್ದರು.

ಕೊನೆಗೆ ಅಂಗಡಿಯ ಬಾಟಲಿ ನೋಡಿ ಅರ್ಧ ಕೆಜಿಗೆ 130 ಅಂತ ನಿಕ್ಕಿ ಮಾಡಿಕೊಂಡಿದ್ದರು. "ಲಾಭ ಉಂಟು ಮೇಡಂ" ಅಂತ ಅಧ್ಯಕ್ಷೆ ಪುಸ್ತಕ ತೋರಿಸಿದರು. 10 ಕೆಜಿ ಮಾವಿನ ಮಿಡಿಗೆ 1600, ಕಲ್ಲುಪ್ಪಿಗೆ 50. ಆಗಿದ್ದು 20 ಬಾಟಲಿ, ಬಂದಿದ್ದು 2600. ಉಳಿದ 950 ಲಾಭ.

"ಮೆಣಸು?" ಅಂದೆ.

"ಅದು ಮನೆದೇ ಅಲ್ವಾ, ಅದಕ್ಕೆಂತ ಲೆಕ್ಕ?"

ಎಡವುವುದು ಇಲ್ಲೇ. ಆ ಮೆಣಸನ್ನು ಹಾಗೇ ಮಾರಿದ್ದರೆ 400 ರೂಪಾಯಿ ಸಿಗುತ್ತಿತ್ತು. ಸಾಸಿವೆಗೆ 100, ಅರಿಶಿನ, ಇಂಗು, ಉಳಿದ ಸಾಮಾನಿಗೆ 100, ಹುರಿಯುವ ಗ್ಯಾಸಿಗೂ ಮಿಲ್ಲಿಗೂ 100. ಬಾಟಲಿ, ಮುಚ್ಚಳ, ಲೇಬಲ್ ಸೇರಿ ಒಂದಕ್ಕೆ 22ರಂತೆ 440. ಅದನ್ನು ಸಂಘದ ಉಳಿತಾಯದಿಂದ ಕೊಟ್ಟಿದ್ದರು, ಉಪ್ಪಿನಕಾಯಿ ಪುಸ್ತಕಕ್ಕೆ ಬಂದೇ ಇರಲಿಲ್ಲ. ಎಲ್ಲ ಕೂಡಿದರೆ 2790. ಅಂದರೆ 950 ಲಾಭ ಅಂದುಕೊಂಡಿದ್ದ ಕಡೆ ಕೈಯಿಂದ 190 ಹೋಗಿತ್ತು. ಕೆಲಸಕ್ಕೆ ಕೂಲಿ ಇನ್ನೂ ಹಿಡಿದೇ ಇಲ್ಲ.

ಕೂಲಿ ಹಿಡಿಯೋಣ ಅಂದಾಗ ಎಲ್ಲರೂ ನಕ್ಕರು. ಆದರೂ ಒಂದು ಸಲದ ಉಪ್ಪಿನಕಾಯಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಗಡಿಯಾರ ನೋಡಿ ಬರೆದೆವು. ಮಿಡಿ ಆರಿಸಿ, ತೊಳೆದು, ಒರೆಸಿ, ನೆರಳಲ್ಲಿ ಆರಿಸಲು ಇಬ್ಬರಿಗೆ ಮೂರು ಮೂರು ಗಂಟೆ. ಒಳ್ಳೆಯ ಮಿಡಿ ಹೆಕ್ಕುವ ಕೆಲಸವನ್ನು ಅವಸರ ಮಾಡುವ ಹಾಗಿಲ್ಲ. ಉದುರಿ ಪೆಟ್ಟು ತಿಂದ ಮಿಡಿ, ತೊಟ್ಟು ಕಿತ್ತುಹೋಗಿ ಸೊನೆ ಸೋರಿದ ಮಿಡಿ ಒಂದಾದರೂ ಭರಣಿಗೆ ಬಿದ್ದರೆ ಅದು ಮೆತ್ತಗಾಗಿ ಪಕ್ಕದವನ್ನೂ ಕೆಡಿಸುತ್ತದೆ. 10 ಕೆಜಿಯಲ್ಲಿ ಒಂದು ಕೆಜಿ ಹೀಗೆ ಹೊರಗೆ ಹೋಯಿತು. ಉಪ್ಪಲ್ಲಿ ಹಾಕಿದ ಮೇಲೆ 12 ದಿನ ದಿನಾ ಕಾಲು ಗಂಟೆ ತಿರುವಬೇಕು, ಅದು ಮೂರು ಗಂಟೆ. ಮಿಡಿ ಸುರುಟಿ, ತೂಕ ಇಳಿದು, ತನ್ನದೇ ನೀರು ಬಿಡುವುದು ಆಗಲೇ. ಮಸಾಲೆ ಹುರಿದು ಬೀಸಲು ನಾಲ್ಕು, ಬೆರೆಸಿ ತುಂಬಲು ಇಬ್ಬರದು ಸೇರಿ ಆರು. ಒಟ್ಟು 19 ಗಂಟೆ. ಅವರ ಊರಲ್ಲಿ ತೋಟದ ಕೆಲಸಕ್ಕೆ ಹೋದರೆ ದಿನಕ್ಕೆ 400, ಅಂದರೆ ಗಂಟೆಗೆ 50. ಅಲ್ಲಿಗೆ 950.

ಎಂಥ ಕಾಕತಾಳೀಯ ನೋಡಿ, ಲಾಭ ಅಂದುಕೊಂಡಿದ್ದೂ 950, ಬಿಟ್ಟುಹೋದ ಕೂಲಿಯೂ 950.

ಈಗ ನಿಜವಾದ ಖರ್ಚು 3740. ಇಪ್ಪತ್ತರಲ್ಲಿ ಒಂದು ಬಾಟಲಿ ಒಡೆಯುತ್ತದೆ ಅಥವಾ ಕೆಡುತ್ತದೆ ಅಂತ ಇಟ್ಟುಕೊಂಡು 19ರಿಂದ ಭಾಗಿಸಿದರೆ ಒಂದಕ್ಕೆ ಸುಮಾರು 197. ಮಾರ್ಚ್‌ನಲ್ಲಿ ಮಿಡಿಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬರುವಷ್ಟರಲ್ಲಿ ದೀಪಾವಳಿ ಆಗಿರುತ್ತದೆ. ಅದಕ್ಕೂ ಮುಂದಿನ ವರ್ಷದ ಮಿಡಿಗೂ ಅಂತ ನೂರಕ್ಕೆ 15 ಸೇರಿಸಿದೆವು. 226 ಚಿಲ್ಲರೆ ಬಂದದ್ದು 230 ಅಂತ ನಿಂತಿತು.

"ಇಷ್ಟು ರೇಟಿಗೆ ಯಾರು ತಗೊಳ್ತಾರೆ ಮೇಡಂ?"

ಭಯ ಸಹಜವೇ. ಅದಕ್ಕೇ ಪ್ರಕಟಣೆಯಲ್ಲಿ ರೇಟಿನ ಜೊತೆ ಎರಡು ಸಾಲು ಹಾಕಿ ಅಂದೆ: ಮಿಡಿ ಎಲ್ಲಿಯದು, ಯಾವಾಗ ಹಾಕಿದ್ದು, ಒಳಗೆ ಏನೇನಿದೆ. ಎಲ್ಲ ಕಾಡುಮಿಡಿಯನ್ನೂ ಅಪ್ಪೆಮಿಡಿ ಅಂತ ಬರೆಯಬೇಡಿ ಅಂತಲೂ ಹೇಳಿದೆ. ಅಪ್ಪೆಮಿಡಿಗೆ ಅದರದೇ ಪರಿಮಳ, ಮಲೆನಾಡಿನವರು ಮೂಸಿ ನೋಡಿಯೇ ಕಂಡುಹಿಡಿಯುತ್ತಾರೆ. ಕೊಂಡವರು ಕಮ್ಮಿ ಆದರು ನಿಜ, ಆದರೆ ಕೊಂಡವರು ಮತ್ತೆ ಕೇಳಿದರು. 230ರ ಬಾಟಲಿ ಬೇಡ ಅನ್ನುವವರಿಗೆ 250 ಗ್ರಾಂ ಬಾಟಲಿ ಮಾಡಿದರು. ಅದರ ರೇಟು 125, ಸರಿಯಾಗಿ ಅರ್ಧ ಅಲ್ಲ. ಚಿಕ್ಕ ಬಾಟಲಿಗೂ ಮುಚ್ಚಳ, ಲೇಬಲ್, ತುಂಬುವ ಕೈ ಅಷ್ಟೇ ಬೇಕಲ್ಲ.

ಆರ್ಡರ್ ತಗೊಳ್ಳೋದು ಒಬ್ಬರೇ, ಒಂದೇ ನಂಬರ್. ಈ ಬದಲಾವಣೆಯಿಂದಲೇ ಅರ್ಧ ಜಗಳ ನಿಂತಿತು. ಹೊಸ ಪ್ರಕಟಣೆಯ ಆ ಭಾಗ ಹೀಗಿದೆ:

"ಯಾವ ತಿಂಡಿ, ಎಷ್ಟು, ನಿಮ್ಮ ಪಿನ್‌ಕೋಡ್, ಈ ಮೂರನ್ನು ಮೆಸೇಜ್ ಮಾಡಿ. ಸಾಗಣೆ ಸೇರಿ ಒಟ್ಟು ಎಷ್ಟು ಅಂತ ತಿಳಿಸುತ್ತೇವೆ. ದುಡ್ಡನ್ನು ಸಂಘದ ಖಾತೆಗೇ ಹಾಕಿ. ಗುರುವಾರ ರಾತ್ರಿವರೆಗೆ ಬಂದ ಆರ್ಡರ್‌ಗೆ ಶನಿವಾರ ಕರಿಯುತ್ತೇವೆ, ಸೋಮವಾರ ಕಳಿಸುತ್ತೇವೆ. ವಾರಕ್ಕೆ 40 ಪ್ಯಾಕೆಟ್ ಚಕ್ಕುಲಿ ಮಾತ್ರ."

ಶನಿವಾರವೇ ಕಳಿಸಿದರೆ ಪಾರ್ಸೆಲ್ ಭಾನುವಾರ ಯಾವುದೋ ಗೋದಾಮಿನಲ್ಲಿ ಸುಮ್ನೆ ಕೂತಿರುತ್ತದೆ. 40 ಅನ್ನೋದು ಎರಡು ಒಲೆ, ನಾಲ್ಕು ಜನ ಒಂದು ದಿನದಲ್ಲಿ ಕರಿದು, ಪೂರ್ತಿ ಆರಿಸಿ ತುಂಬುವಷ್ಟು. ಬಿಸಿ ಇರುವಾಗಲೇ ತುಂಬಿದರೆ ಕವರ್ ಒಳಗೆ ಬೆವರಿ ಚಕ್ಕುಲಿ ಮೆತ್ತಗಾಗುತ್ತದೆ. ದುಡ್ಡಿನ ವಿಷಯದಲ್ಲಿ ಒಂದೇ ಮಾತು: ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ, ಖಾತೆಗೆ ಬಿದ್ದದ್ದು ಕಂಡ ಮೇಲೆ ಕಟ್ಟಿ. ಈ ಸಂಘ ಒಂದು ಸಲ 920 ರೂಪಾಯಿ ಕಳೆದುಕೊಂಡೇ ಕಲಿತದ್ದು.

ಇನ್ನು ಎಲ್ಲಿಗೆ ಕಳಿಸೋದು ಅನ್ನೋದು. ಚಕ್ಕುಲಿ, ಕೋಡುಬಳೆ ಎರಡು ದಿನದಲ್ಲಿ ತಲುಪುವ ಊರುಗಳಿಗೆ ಮಾತ್ರ ಅಂತ ಗೆರೆ ಎಳೆದರು. ದೂರ ಹೋದಷ್ಟೂ ಪುಡಿಯಾಗುತ್ತದೆ, ಬಿಸಿಲಲ್ಲಿ ಎಣ್ಣೆ ಕಮಟು ಹಿಡಿಯುತ್ತದೆ. ಬಸ್ಸಿನಲ್ಲಿ ಸಾಗಿಸುವ ಊರಿನವರು ಬಸ್‌ಸ್ಟ್ಯಾಂಡಿಗೆ ಬಂದು ತಗೊಳ್ಳಬೇಕು, ಅದನ್ನೂ ಮೊದಲೇ ಬರೆದರು. ಉಪ್ಪಿನಕಾಯಿ ಕರ್ನಾಟಕದ ಒಳಗೆಲ್ಲ ಹೋಗುತ್ತದೆ, ಆದರೆ ಗಾಜಿನ ಬಾಟಲಿಯಲ್ಲಿ ಅಲ್ಲ. ಒಳಮುಚ್ಚಳ ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕುತ್ತಿಗೆಗೆ ಟೇಪ್ ಸುತ್ತಿ, ಮತ್ತೊಂದು ಕವರ್ ಹಾಕಿ. ಮಸಾಲೆ ಬೆರೆಸಿದ ಕೂಡಲೇ ತುಂಬಿ ಕಳಿಸಿದ ಮೊದಲ ಕಂತಿನಲ್ಲಿ ಮೂರು ಡಬ್ಬಿಯ ಮುಚ್ಚಳ ಉಬ್ಬಿ ರಸ ಸೋರಿ, ಪಾರ್ಸೆಲ್ ಕೆಂಪಾಗಿ ಹೋಯಿತಂತೆ. ಭರಣಿಯಲ್ಲಿ ನೊರೆ ಏಳುವುದು ಪೂರ್ತಿ ನಿಂತ ಮೇಲೆಯೇ ಡಬ್ಬಿಗೆ ಹಾಕಬೇಕು. ಬಾಯಿವರೆಗೆ ತುಂಬದೆ ಒಂದು ಬೆರಳು ಜಾಗ ಬಿಡಬೇಕು.

ಸೋರಿದ ಮೂರೂ ಡಬ್ಬಿಗೆ ಬದಲಿ ಕಳಿಸಿದರು. ಈಗ ಪ್ರಕಟಣೆಯಲ್ಲಿ ಅದೂ ಇದೆ: ಒಡೆದು ಬಂದರೆ ಅದೇ ದಿನ ಫೋಟೊ ಕಳಿಸಿ, ಬದಲಿ ಕೊಡುತ್ತೇವೆ, ಖಾರ ಜಾಸ್ತಿ ಅನ್ನಿಸಿದರೆ ವಾಪಸ್ ಇಲ್ಲ. ಲೇಬಲ್ ಮೇಲೆ ತೂಕ, ತಯಾರಿಸಿದ ತಾರೀಕು, ಒಳಗಿನ ಸಾಮಾನು, ರೇಟು, ಸಂಘದ ವಿಳಾಸ, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿ. ನೋಂದಣಿ ಆಗುವವರೆಗೆ ಹೊಸ ಪ್ರಕಟಣೆಯನ್ನೇ ಬಿಡಬೇಡಿ ಅಂತ ನಾನು ಹಟ ಹಿಡಿದಿದ್ದೆ. ಸ್ವಲ್ಪ ಬೈದುಕೊಂಡಿರಬಹುದು.

ಹೊರದೇಶಕ್ಕೆ ಕಳಿಸ್ತೀರಾ ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಅದಕ್ಕೊಂದು ಸಿದ್ಧ ಉತ್ತರ ಟೈಪ್ ಮಾಡಿ ಇಟ್ಟುಕೊಂಡಿದ್ದಾರೆ: "ಇಲ್ಲ. ನಿಮ್ಮ ಮನೆಯವರು ಯಾರಾದರೂ ಊರಿಗೆ ಬಂದಾಗ ತಿಳಿಸಿ, ಸೋರದ ಹಾಗೆ ಕಟ್ಟಿ ಕೊಡುತ್ತೇವೆ. ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಇಡಿ."