ಲಂಗ್ಸ್ ದೊಡ್ಡದಾಗಿದೆ ಅಂತಾರೆ, ಮತ್ತೆ ಉಸಿರು ಯಾಕೆ ಸಾಲ್ತಿಲ್ಲ?

ಓದುಗರ ಪ್ರಶ್ನೆ: ಸರ್, ನಮ್ಮಪ್ಪಂಗೆ 64 ವರ್ಷ, 35 ವರ್ಷ ಬೀಡಿ ಸೇದಿದ್ದಾರೆ. ಈಗ ಹತ್ತು ಮೆಟ್ಟಿಲು ಹತ್ತಿದ್ರೆ ನಿಂತ್ಬಿಡ್ತಾರೆ. ಎಕ್ಸ್-ರೇ ನೋಡಿದ ಡಾಕ್ಟ್ರು ಲಂಗ್ಸ್ ಉಬ್ಬಿ ದೊಡ್ಡದಾಗಿದೆ, ಎಂಫಿಸೀಮಾ ಅಂದ್ರು. ದೊಡ್ಡದಾದ್ರೆ ಜಾಸ್ತಿ ಗಾಳಿ ಹಿಡೀಬೇಕಲ್ವಾ? ಮತ್ತೆ ಉಸಿರು ಯಾಕೆ ಸಾಲಲ್ಲ? ಊದೋ ಟೆಸ್ಟಿನ ರಿಪೋರ್ಟೂ ಕಳ್ಸಿದೀನಿ.

ಉತ್ತರ: ದೊಡ್ಡದಾಗಿರೋದು ನಿಜ, ಆದ್ರೆ ಹಾಗೆ ಉಬ್ಬಿರೋದು ಹೊರಗೆ ಹೋಗ್ಬೇಕಾಗಿದ್ದ ಗಾಳಿ ಒಳಗೇ ಉಳಿದುಬಿಟ್ಟಿರೋದ್ರಿಂದ. ಮನೇಲಿ ಒಂದು ಬಲೂನು, ಒಂದು ತೆಳು ಪ್ಲಾಸ್ಟಿಕ್ ಕವರ್ ತಗೊಳ್ಳಿ. ಬಲೂನ್ ಊದೋಕೆ ಸ್ವಲ್ಪ ದಮ್ ಬೇಕು, ಆದ್ರೆ ಬಾಯಿ ಬಿಟ್ಟ ತಕ್ಷಣ ಅದೇ ಕುಗ್ಗಿ ಗಾಳಿನೆಲ್ಲ ಹೊರಗೆ ತಳ್ಳುತ್ತೆ. ಕವರ್ ಊದೋದು ಸುಲಭ, ಒಂದೇ ಉಸಿರಿಗೆ ತುಂಬುತ್ತೆ, ಬಾಯಿ ಬಿಟ್ರೆ ಮಾತ್ರ ಉಬ್ಬಿದ್ದು ಉಬ್ಬಿದ ಹಾಗೇ ಇರುತ್ತೆ, ನೀವೇ ಕೈಯಲ್ಲಿ ಒತ್ತಿ ಖಾಲಿ ಮಾಡ್ಬೇಕು. ಬಲೂನಿನ ಥರ ಇದ್ದ ಲಂಗ್ಸು ನಿಮ್ಮ ತಂದೆಯವರಲ್ಲಿ ಕವರಿನ ಥರ ಆಗ್ತಾ ಬಂದಿದೆ.

ನಾವು ಉಸಿರು ಒಳಗೆ ಎಳ್ಕೊಳ್ಳೋಕೆ ಎದೆಗೂ ಹೊಟ್ಟೆಗೂ ನಡುವೆ ಪರದೆ ಥರ ಇರೋ ವಪೆ ಅನ್ನೋ ಸ್ನಾಯು ಮತ್ತೆ ಪಕ್ಕೆಲುಬಿನ ಸ್ನಾಯುಗಳು ಕೆಲಸ ಮಾಡ್ತವೆ, ಆದ್ರೆ ಸುಮ್ನೆ ಕೂತಾಗ ಉಸಿರು ಬಿಡೋಕೆ ಯಾವ ಸ್ನಾಯುವೂ ಹೆಚ್ಚುಕಮ್ಮಿ ಏನೂ ಮಾಡಲ್ಲ, ಹಿಗ್ಗಿದ ಲಂಗ್ಸ್ ತಾನಾಗೇ ಕುಗ್ಗುತ್ತೆ ಅಷ್ಟೆ. ಲಂಗ್ಸ್ ಒಳಗೆ ಸುಮಾರು 30ರಿಂದ 50 ಕೋಟಿ ಪುಟ್ಟ ಪುಟ್ಟ ಗಾಳಿಚೀಲ ಇವೆ, ಒಂದೊಂದೂ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಅಗಲ, ಜೇನುಗೂಡಿನ ಕೋಣೆಗಳ ಥರ ಅಕ್ಕಪಕ್ಕದವಕ್ಕೆ ಒಂದೇ ಗೋಡೆ. ಆ ಗೋಡೇಲಿ ಎಲಾಸ್ಟಿನ್ ಅನ್ನೋ ಪ್ರೋಟೀನಿನ ಎಳೆಗಳಿವೆ. ಕುಗ್ಗೋ ಶಕ್ತಿಯಲ್ಲಿ ಒಂದು ಪಾಲು ಈ ಎಳೆಗಳದ್ದು, ಇನ್ನೊಂದು ಪಾಲು ಗಾಳಿಚೀಲದ ಒಳಮೈಗೆ ಅಂಟಿರೋ ತೆಳು ನೀರಿನ ಪದರದ ಸೆಳೆತದ್ದು. ಗೋಡೆ ಹೋದ್ರೆ ಎರಡೂ ಹೋಗುತ್ತೆ. ಹತ್ತು ಸಣ್ಣ ಚೀಲ ಇದ್ದ ಕಡೆ ಒಂದು ದೊಡ್ಡ ಟೊಳ್ಳು ಉಳಿಯುತ್ತೆ. ಆಕ್ಸಿಜನ್ ರಕ್ತಕ್ಕೆ ದಾಟೋದೂ ಇದೇ ಗೋಡೆ ಮೂಲಕ ಆಗಿರೋದ್ರಿಂದ ಆ ಜಾಗವೂ ಕಮ್ಮಿ ಆಗುತ್ತೆ.

ಗೋಡೆ ಕರಗಿಸೋದು ಯಾರು ಅಂದ್ರೆ ನಮ್ಮ ಮೈಯಲ್ಲೇ ಇರೋ ಕತ್ತರಿಗಳು. ರೋಗಾಣು ಬಂದಾಗ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ಓಡಿಬಂದು ಎಲಾಸ್ಟೇಸ್ ಅನ್ನೋ ಎಂಜೈಮ್ ಬಿಡ್ತವೆ, ಅದು ಪ್ರೋಟೀನ್ ಕತ್ತರಿಸೋ ಎಂಜೈಮು, ಅಂಥವಕ್ಕೆ ಪ್ರೋಟಿಯೇಸ್ ಅಂತಾರೆ. ರೋಗಾಣು ಜೊತೆಗೆ ಅದು ಎಲಾಸ್ಟಿನ್ನನ್ನೂ ಕತ್ತರಿಸಬಲ್ಲದು, ಹಿಡಿತ ತಪ್ಪಿದ್ರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹಿಡಿತದಲ್ಲಿಡೋಕೆ ಅಂತ ಲಿವರ್ ಒಂದು ಪ್ರೋಟೀನ್ ಮಾಡಿ ರಕ್ತಕ್ಕೆ ಬಿಡುತ್ತೆ, ಹೆಸರು ಆಲ್ಫಾ-1 ಆಂಟಿಟ್ರಿಪ್ಸಿನ್. ಇದು ಇಲಿಬೋನಿನ ಥರ ಕೆಲಸ ಮಾಡುತ್ತೆ. ಮೈಮೇಲೆ ಒಂದು ಕಡೆ ಆಮಿಷ ಇರುತ್ತೆ, ಎಲಾಸ್ಟೇಸ್ ಬಂದು ಅದನ್ನ ಕಚ್ಚಿದ ಕೂಡ್ಲೇ ಬೋನು ಪಟ್ ಅಂತ ತಿರುಗಿ ಎಲಾಸ್ಟೇಸನ್ನ ಆ ಕಡೆಗೆ ಎತ್ತಿ ಎಸೆದು ನಜ್ಜುಗುಜ್ಜು ಮಾಡಿ ಹಿಡ್ಕೊಳ್ಳುತ್ತೆ, ಎರಡೂ ಅಲ್ಲಿಗೇ ಮುಗೀತು.

ಈ ಬೋನಿಗೂ ಎಂಫಿಸೀಮಾಗೂ ನಂಟಿದೆ ಅಂತ ಗೊತ್ತಾಗಿದ್ದು ಸ್ವೀಡನ್ನಿನ ಮಾಲ್ಮೋದಲ್ಲಿ, 1963ರಲ್ಲಿ. ಕಾರ್ಲ್-ಬರ್ಟಿಲ್ ಲೌರೆಲ್ ಅನ್ನೋರು ರೋಗಿಗಳ ರಕ್ತದ ಪ್ರೋಟೀನುಗಳನ್ನ ಪಟ್ಟೆಪಟ್ಟೆಯಾಗಿ ಬೇರ್ಪಡಿಸೋ ಟೆಸ್ಟ್ ನೋಡ್ತಿದ್ರು, ಸುಮಾರು 1500 ಸ್ಯಾಂಪಲಿನಲ್ಲಿ ಐದರಲ್ಲಿ ಆಲ್ಫಾ-1 ಅನ್ನೋ ಪಟ್ಟೆಯೇ ಕಾಣಲಿಲ್ಲ. ಅವರೂ ಆಗಿನ್ನೂ ಕಿರಿಯ ಡಾಕ್ಟರ್ ಆಗಿದ್ದ ಸ್ಟೆನ್ ಎರಿಕ್ಸನ್ನೂ ಆ ಐದು ಜನ ಯಾರು ಅಂತ ಹುಡುಕಿದ್ರೆ ಮೂವರಿಗೆ ಎಂಫಿಸೀಮಾ ಇತ್ತು. ಬೋನು ಇಲ್ಲದವರ ಲಂಗ್ಸ್ ಕರಗುತ್ತೆ ಅನ್ನೋ ಸುಳಿವು ಹೀಗೆ ಸಿಕ್ತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಮೆರಿಕದಲ್ಲಿ ಪಾಲ್ ಗ್ರಾಸ್ ಮತ್ತವರ ಸಂಗಡಿಗರು ಇಲಿಗಳ ಲಂಗ್ಸ್ ಒಳಗೆ ಪಪೇಯ್ನ್ ಹಾಕಿ ನೋಡಿದ್ರು, ಅಂದ್ರೆ ಮಟನ್ ಮೆತ್ತಗಾಗ್ಲಿ ಅಂತ ನಾವು ಪರಂಗಿಕಾಯಿ ಹಚ್ತೀವಲ್ಲ, ಅದರಲ್ಲಿರೋ ಅದೇ ಎಂಜೈಮು, ಇಲಿಗಳಿಗೂ ಎಂಫಿಸೀಮಾ ಬಂತು. ಕಡೆಗೆ ಲೆಕ್ಕ ಸರಳ: ಕತ್ತರಿ ಜಾಸ್ತಿಯಾದ್ರೂ ಗೋಡೆ ಹೋಗುತ್ತೆ, ಬೋನು ಕಮ್ಮಿಯಾದ್ರೂ ಹೋಗುತ್ತೆ.

ಹುಟ್ಟಿನಿಂದಲೇ ಬೋನು ಇಲ್ಲದಿರೋ ತೊಂದರೆ ಉತ್ತರ ಯುರೋಪ್ ಮೂಲದವರಲ್ಲೇ ಜಾಸ್ತಿ. ಬೀಡಿ ಸಿಗರೇಟ್ ಹೊಗೆ ಆದ್ರೆ ಎರಡೂ ಕಡೆಯಿಂದ ಕೆಡಿಸುತ್ತೆ. ಹೊಗೆ ಹೋದಲ್ಲೆಲ್ಲ ಬಿಳಿ ರಕ್ತಕಣಗಳು ಜಮಾಯಿಸ್ತವೆ, ಮ್ಯಾಕ್ರೋಫೇಜ್ ಅನ್ನೋ ಇನ್ನೊಂದು ಥರದ ಕಣಗಳೂ ತಮ್ಮದೇ ಕತ್ತರಿ ಬಿಡ್ತವೆ. ಇನ್ನೊಂದು ಕಡೆ ಹೊಗೆಯಲ್ಲಿರೋ ರಾಸಾಯನಿಕ ಆ ಇಲಿಬೋನಿನ ಆಮಿಷವನ್ನೇ ಕೆಡಿಸುತ್ತೆ, ಆ ಪ್ರೋಟೀನಿನ ಸರಪಳಿಯಲ್ಲಿ 358ನೇ ಜಾಗದಲ್ಲಿರೋ ಮೆಥಿಯೋನಿನ್ ಅನ್ನೋ ಒಂದು ಕೊಂಡಿ ಆಕ್ಸಿಡೈಸ್ ಆಗಿಬಿಟ್ರೆ ಬೋನು ಬೀಳೋದು ತುಂಬಾ ನಿಧಾನ ಆಗುತ್ತೆ. ರಕ್ತ ಟೆಸ್ಟಲ್ಲಿ ಆಲ್ಫಾ-1 ನಾರ್ಮಲ್ ಇದ್ರೂ ಹೊಗೆ ತಾಗಿದ ಜಾಗದಲ್ಲಿ ಅದು ಕೆಲಸಕ್ಕೆ ಬರದೇ ಇರಬಹುದು ಅನ್ನೋದು ಇದಕ್ಕೇ. ಬೇಜಾರಿನ ಸಂಗತಿ ಏನಂದ್ರೆ ದೊಡ್ಡವರ ಲಂಗ್ಸ್ ಹೊಸ ಎಲಾಸ್ಟಿನ್ ಸರಿಯಾಗಿ ಹೆಣೆಯೋದೇ ಇಲ್ಲ, ಚಿಕ್ಕವಯಸ್ಸಲ್ಲಿ ಮಾಡಿಟ್ಟಿದ್ದೇ ಜೀವಮಾನಕ್ಕೆ.

ಈಗ ಗಾಳಿ ಯಾಕೆ ಸಿಕ್ಕಾಕ್ಕೊಳ್ಳುತ್ತೆ ಅನ್ನೋದು, ನಿಮ್ಮ ಪ್ರಶ್ನೆಯ ತಿರುಳು ಇದೇ. ಒಳಗಿನ ಸಣ್ಣ ಗಾಳಿ ಕೊಳವೆಗಳಿಗೆ, ಎರಡು ಮಿಲಿಮೀಟರಿಗಿಂತ ಕಿರಿದಾದವಕ್ಕೆ, ಮೃದುವಾದ ಗೋಡೆ, ಗಟ್ಟಿ ಬಳೆ ಏನೂ ಇಲ್ಲ. ಅವು ಮುಚ್ಚದೆ ನಿಂತಿರೋದು ಸುತ್ತಲಿನ ಗಾಳಿಚೀಲಗಳ ಗೋಡೆಗಳು ಎಲ್ಲಾ ಕಡೆಯಿಂದ ಎಳೆದು ಹಿಡಿದಿರೋದ್ರಿಂದ, ಶಾಮಿಯಾನಕ್ಕೆ ಸುತ್ತಲೂ ಹಗ್ಗ ಬಿಗಿದಿರ್ತಾರಲ್ಲ ಹಾಗೆ. ಗೋಡೆ ಕರಗಿದ್ರೆ ಹಗ್ಗ ಬಿಚ್ಚಿದ ಹಾಗಾಯ್ತು. ಉಸಿರು ಎಳ್ಕೊಳ್ಳುವಾಗ ಇಡೀ ಎದೆ ಹಿಗ್ಗೋದ್ರಿಂದ ಕೊಳವೆಯೂ ತೆರ್ಕೊಳ್ಳುತ್ತೆ, ಗಾಳಿ ಒಳಗೆ ಹೋಗುತ್ತೆ. ಬಿಡುವಾಗ ಸುತ್ತಲಿನ ಒತ್ತಡ ಕೊಳವೆಯನ್ನ ಹಿಸುಕುತ್ತೆ, ಒಳಗಿನಿಂದ ತಳ್ಳೋ ಶಕ್ತಿಯೂ ಕಮ್ಮಿ, ಸುತ್ತಲಿನ ಹಗ್ಗವೂ ಇಲ್ಲ, ಕೊಳವೆ ಮಡಚ್ಕೊಂಡು ಗಾಳಿ ಹಿಂದೆಯೇ ಉಳಿಯುತ್ತೆ. ಇಲ್ಲಿ ಜೋರಾಗಿ ಊದಿದ್ರೆ ಪ್ರಯೋಜನ ಇಲ್ಲ, ಜೋರು ಮಾಡಿದಷ್ಟೂ ಕೊಳವೆ ಇನ್ನೂ ಬಿಗಿಯಾಗಿ ಮುಚ್ಚುತ್ತೆ. ಮನೆಯವರು ಪಕ್ಕದಲ್ಲಿ ನಿಂತು "ಅಪ್ಪಾ ಜೋರಾಗಿ ಉಸಿರು ಬಿಡಿ" ಅಂತ ಹೇಳೋದನ್ನ ನಾನು ಎಷ್ಟೋ ಸಲ ಕೇಳಿದೀನಿ, ಪ್ರೀತಿಯಿಂದಲೇ ಹೇಳ್ತಾರೆ, ಆದ್ರೆ ದಯವಿಟ್ಟು ಹಾಗೆ ಹೇಳಬೇಡಿ.

ನೀವು ಕಳ್ಸಿದ ರಿಪೋರ್ಟ್ ನೋಡೋಣ. ತಂದೆಯವರ ಲಂಗ್ಸ್ ಪೂರ್ತಿ ತುಂಬಿದಾಗ 7.6 ಲೀಟರ್, ಅವರ ವಯಸ್ಸು ಎತ್ತರಕ್ಕೆ ಇರಬೇಕಾಗಿದ್ದು 5.8. ಹಾಗಾಗಿ ಡಾಕ್ಟ್ರು ದೊಡ್ಡದು ಅಂದಿದ್ದು. ಆದ್ರೆ ಪೂರ್ತಿ ಊದಿದ ಮೇಲೂ ಒಳಗೆ ಉಳಿಯೋದು ಸುಮಾರು 2 ಲೀಟರ್ ಇರಬೇಕಿತ್ತು, ಅವರಿಗೆ 4.8 ಉಳಿದಿದೆ. ಕಳೆದು ನೋಡಿ, ಅವರು ಒಳಗೆ ಹೊರಗೆ ಆಡಿಸೋಕೆ ಆಗೋದು 2.8 ಲೀಟರ್ ಅಷ್ಟೇ, ಇರಬೇಕಾಗಿದ್ದು 3.8. ಲಂಗ್ಸ್ 1.8 ಲೀಟರ್ ದೊಡ್ಡದಾಗಿ ಉಪಯೋಗಕ್ಕೆ ಬರೋ ಜಾಗ 1 ಲೀಟರ್ ಚಿಕ್ಕದಾಗಿದೆ. ಆ 2.8ರಲ್ಲೂ ಮೊದಲ ಸೆಕೆಂಡಲ್ಲಿ ಹೊರಬಂದಿದ್ದು 1.1, ಅಂದ್ರೆ ನೂರಕ್ಕೆ 39 ಪಾಲು. ಆರೋಗ್ಯವಾಗಿರೋ ಲಂಗ್ಸಲ್ಲಿ ಮೊದಲ ಸೆಕೆಂಡಿಗೇ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಬಂದುಬಿಡುತ್ತೆ.

ಮೆಟ್ಟಿಲು ಹತ್ತುವಾಗ ಏನಾಗುತ್ತೆ ಅಂದ್ರೆ, ಕೂತಾಗ ನಿಮಿಷಕ್ಕೆ 15 ಉಸಿರು ಅಂದ್ಕೊಂಡ್ರೆ ಒಂದೊಂದಕ್ಕೆ ನಾಲ್ಕು ಸೆಕೆಂಡು, ಬಿಡೋಕೆ ಎರಡೂವರೆ ಸೆಕೆಂಡಾದ್ರೂ ಸಿಗುತ್ತೆ. ಮೆಟ್ಟಿಲಲ್ಲಿ ಅದು 30 ಆಯ್ತು ಅಂದ್ರೆ ಬಿಡೋಕೆ ಸಿಗೋದು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಂದೊಂದು ಉಸಿರಲ್ಲಿ 50 ಎಂಎಲ್ ಗಾಳಿ ಹಿಂದೆ ಉಳೀತು ಅಂತಿಟ್ಕೊಳ್ಳಿ, ಹತ್ತು ಉಸಿರಿಗೆ ಅರ್ಧ ಲೀಟರ್ ಒಳಗೆ ಕೂತುಬಿಡ್ತು, ಮುಂದಿನ ಉಸಿರಿಗೆ ಜಾಗ ಅಷ್ಟು ಕಮ್ಮಿ. ಲಂಗ್ಸ್ ಹೆಚ್ಚು ಹಿಗ್ಗಿದಾಗ ಕೊಳವೆಗಳೂ ಸ್ವಲ್ಪ ತೆರ್ಕೊಳ್ಳೋದ್ರಿಂದ ಇದು ಹೀಗೇ ಏರ್ತಾ ಹೋಗದೆ ಎಲ್ಲೋ ಒಂದು ಕಡೆ ನಿಲ್ಲುತ್ತೆ, ಆದ್ರೆ ಅಷ್ಟರಲ್ಲಿ ಮನುಷ್ಯ ಮೆಟ್ಟಿಲ ಮೇಲೆ ಕಂಬಿ ಹಿಡ್ಕೊಂಡು ನಿಂತಿರ್ತಾರೆ. ಅದು ಹೇಗಿರುತ್ತೆ ಅಂತ ತಿಳೀಬೇಕಾದ್ರೆ, ನಿಮಗೆ ಉಸಿರಿನದೋ ಹೃದಯದ್ದೋ ತೊಂದರೆ ಇಲ್ಲ ಅಂದ್ರೆ, ಕೂತ್ಕೊಂಡು ಎದೆ ತುಂಬ ಉಸಿರು ತಗೊಂಡು, ಸ್ವಲ್ಪ ಮಾತ್ರ ಬಿಟ್ಟು, ಮತ್ತೆ ತಗೊಂಡು, ಸ್ವಲ್ಪ ಮಾತ್ರ ಬಿಟ್ಟು, ಹೀಗೆ ನಾಲ್ಕೈದು ಸಲ ಮಾಡಿ. ಗಾಳಿ ಬೇಕು ಅನ್ಸುತ್ತೆ, ಹಾಕೋಕೆ ಜಾಗ ಇಲ್ಲ. ನಿಮ್ಮಪ್ಪ "ಉಸಿರು ಒಳಗೇ ಹೋಗ್ತಿಲ್ಲ" ಅಂತ ಹೇಳ್ತಾ ಇದ್ರೆ ಅವರು ಹೇಳ್ತಿರೋದು ಇದನ್ನೇ.

ಅದರ ಮೇಲೆ ವಪೆಯದ್ದೂ ಒಂದು ತೊಂದರೆ ಇದೆ. ಅದು ಗುಮ್ಮಟದ ಥರ ಮೇಲಕ್ಕೆ ಉಬ್ಬಿದ್ರೆ ತಾನೇ ಕೆಳಗೆ ಇಳಿದು ಗಾಳಿ ಎಳೆಯೋದು, ಉಬ್ಬಿದ ಲಂಗ್ಸ್ ಮೇಲಿಂದ ಒತ್ತಿ ಅದು ಆಗಲೇ ಚಪ್ಪಟೆ ಆಗಿರುತ್ತೆ. ಚಪ್ಪಟೆ ವಪೆ ಬಿಗಿಯಾದ್ರೆ ಕೆಳಗಿನ ಪಕ್ಕೆಲುಬನ್ನ ಒಳಕ್ಕೆ ಎಳೆಯುತ್ತೆ. ತಂದೆಯವರು ಬನಿಯನ್ ತೆಗೆದು ಕೂತಿದ್ದಾಗ ಗಮನಿಸಿ, ಉಸಿರು ತಗೊಳ್ಳುವಾಗ ಪಕ್ಕೆಯ ಕೆಳಭಾಗ ಹೊರಗೆ ಹೋಗೋ ಬದಲು ಒಳಗೆ ಸೆಳ್ಕೊಳ್ಳಬಹುದು.

ಅವರು ತುಟಿ ಸಣ್ಣಗೆ ಮಾಡಿ, ಬಿಸಿ ಕಾಫಿ ಆರಿಸೋ ಹಾಗೆ ಮೆಲ್ಲಗೆ ಊದ್ತಾ ಉಸಿರು ಬಿಡೋದನ್ನ ನೀವು ನೋಡಿರಬಹುದು, ಎಷ್ಟೋ ಜನ ಯಾರೂ ಹೇಳ್ಕೊಡದೇ ಕಲ್ತಿರ್ತಾರೆ. ತುಟಿ ಹತ್ರ ತಡೆ ಬಿದ್ರೆ ಕೊಳವೆಯ ಒಳಗೆ ಒತ್ತಡ ಉಳಿದು ಅದು ಬೇಗ ಮಡಚ್ಕೊಳ್ಳಲ್ಲ, ಉಸಿರೂ ನಿಧಾನ ಆಗಿ ಬಿಡೋಕೆ ಟೈಮ್ ಸಿಗುತ್ತೆ. ಮೆಟ್ಟಿಲಲ್ಲಿ ಒಂದು ಹೆಜ್ಜೆಗೆ ತಗೊಂಡು ಎರಡು ಮೂರು ಹೆಜ್ಜೆಗೆ ಬಿಡೋಕೆ ಹೇಳಿ. ಇನ್ಹೇಲರ್ ಕರಗಿದ ಗೋಡೆ ಕಟ್ಟಲ್ಲ, ಕೊಳವೆಗಳನ್ನ ಸ್ವಲ್ಪ ಸಡಿಲ ಮಾಡುತ್ತೆ, ಅಷ್ಟರಿಂದಲೇ ಸಿಕ್ಕಾಕ್ಕೊಂಡಿದ್ದ ಗಾಳಿಯಲ್ಲಿ ಒಂದಿಷ್ಟು ಹೊರಗೆ ಬರುತ್ತೆ. ಬೀಡಿ ಬಿಟ್ರೆ ಹೋದ ಗೋಡೆ ಬರಲ್ಲ, ಇರೋ ಗೋಡೆ ಕರಗೋ ವೇಗ ಇಳಿಯುತ್ತೆ. ಕೆಲವರಲ್ಲಿ, ಅದರಲ್ಲೂ ಮೇಲ್ಭಾಗ ಜಾಸ್ತಿ ಹಾಳಾಗಿರೋರಲ್ಲಿ, ಆ ಭಾಗವನ್ನ ಆಪರೇಷನ್ ಮಾಡಿ ತೆಗೆದುಬಿಡ್ತಾರೆ, ಆಗ ಉಳಿದ ಲಂಗ್ಸು ಬಿಗಿಯಾಗಿ ಎಳ್ಕೊಂಡು ಕೊಳವೆಗಳನ್ನ ಮತ್ತೆ ತೆರೆದಿಡುತ್ತೆ, ವಪೆಗೂ ಗುಮ್ಮಟ ಆಗೋಕೆ ಜಾಗ ಸಿಗುತ್ತೆ. ನಿಮ್ಮ ತಂದೆಯವರಿಗೆ ಅದು ಹೊಂದುತ್ತಾ ಇಲ್ವಾ ಅನ್ನೋದು ಸಿಟಿ ಸ್ಕ್ಯಾನ್ ನೋಡಿದ ಎದೆರೋಗದ ಡಾಕ್ಟ್ರೇ ಹೇಳ್ಬೇಕು. ಮತ್ತೆ ಇನ್ಹೇಲರ್ ಶುರು ಮಾಡಿದ ಮೇಲೆ ಆ 1.1 ಅನ್ನೋ ನಂಬರ್ ಅಷ್ಟೇನೂ ಏರದಿದ್ರೂ ಅವರು ಮೆಟ್ಟಿಲು ಸ್ವಲ್ಪ ಹಗುರ ಆಯ್ತು ಅಂದ್ರೆ ಅವರ ಮಾತನ್ನ ನಂಬಿ, 4.8 ಇಳಿದಿದೆಯಾ ಅಂತ ಮತ್ತೆ ಟೆಸ್ಟ್ ಮಾಡಿಸಿ ನೋಡಿ.