ಡ್ರೆಸಿಂಗ್ ಸರಿಯಿದ್ದರೂ ಅಂಗಾಲಿನ ಹುಣ್ಣು ಮಾಯಲಿಲ್ಲ, ಯಾಕೆ?

ಮಂಡ್ಯದಲ್ಲಿ ಪೋಸ್ಟಿಂಗ್ ಇದ್ದಾಗ ನೋಡಿದ ಒಂದೇ ಕೇಸ್ ಹಿಡಿದು ಬರೆಯುತ್ತೇನೆ. ಕಬ್ಬು ಬೆಳೆಯುವ ಗೌಡರು, ಹಳೇ ಶುಗರ್ ಪೇಷಂಟ್. ಬಲ ಅಂಗಾಲಿನಲ್ಲಿ, ಹೆಬ್ಬೆರಳ ಬುಡದಲ್ಲಿ ಹುಣ್ಣು. ಉದ್ದ 2 ಸೆಂ.ಮೀ., ಅಗಲ 2 ಸೆಂ.ಮೀ. ಪಾದದ ನಾಡಿ ಚೆನ್ನಾಗಿ ಸಿಗುತ್ತಿತ್ತು. ಆದರೆ ಸ್ಪರ್ಶ ಗೊತ್ತಾಗುತ್ತದಾ ಎಂದು ನೋಡುವ ನೈಲಾನ್ ಎಳೆ, 10 ಗ್ರಾಂ ಮಾನೋಫಿಲಮೆಂಟ್ ಒತ್ತಿದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅಂದರೆ ರಕ್ತ ಹರಿಯುತ್ತಿದೆ, ನರ ಸತ್ತಿದೆ.

ಸಲೈನಿನಲ್ಲಿ ತೊಳೆದು, ಒದ್ದೆ ಕಾಪಾಡುವ ಡ್ರೆಸಿಂಗ್ ಹಾಕಿ, ಮುಂಭಾಗ ಎತ್ತಿ ಹಿಡಿಯುವ ಚಪ್ಪಲಿ ಕೊಟ್ಟೆವು. ನಾಲ್ಕು ವಾರ ಕಳೆದರೂ 4 ಚದರ ಸೆಂ.ಮೀ. ಇದ್ದದ್ದು 3.6ಕ್ಕೆ ಇಳಿದಿತ್ತು, ಅಷ್ಟೇ. ನಾಲ್ಕು ವಾರದಲ್ಲಿ ಸುಮಾರು ಅರ್ಧ ಆಗದಿದ್ದರೆ ಚಿಕಿತ್ಸೆಯನ್ನೇ ಮತ್ತೆ ನೋಡಬೇಕು. ನಾವು ಮೊದಲು ಮಾಡಿದ್ದೇನು? ಡ್ರೆಸಿಂಗ್ ಬ್ರ್ಯಾಂಡ್ ಬದಲಿಸಿದ್ದು! ಈಗ ನೆನೆದರೆ ನಗು ಬರುತ್ತದೆ.

ಉತ್ತರ ಎರಡು ಕಡೆ ಕಣ್ಣೆದುರೇ ಇತ್ತು. ಹುಣ್ಣಿನ ಅಂಚಿನಲ್ಲಿ ವಾರವಾರವೂ ಹೊಸ ಜಡ್ಡು ಕಟ್ಟುತ್ತಿತ್ತು. ಒತ್ತಡ ಬೀಳದ ಜಾಗದಲ್ಲಿ ಜಡ್ಡು ಕಟ್ಟುವುದಿಲ್ಲ. ಎರಡನೆಯದು, ಆ ಚಪ್ಪಲಿಯ ತಳ ಹೊಸದರಂತೆ ಇತ್ತು. ಸಿಸ್ಟರ್ ಕೇಳಿದರೆ, "ನೋವೇ ಇಲ್ಲ ಕಣವ್ವ, ಆಸ್ಪತ್ರೆಗೆ ಬರೋವಾಗ ಹಾಕ್ಕೊತೀನಿ" ಅಂದರು. ಕೊಟ್ಟಿಗೆ, ಬಚ್ಚಲು, ಗದ್ದೆ ಎಲ್ಲ ಬರಿಗಾಲಲ್ಲೇ.

ನಮಗೆ ಗಾಯವಾದರೆ ನೋವೇ ಕುಂಟಿಸುತ್ತದೆ, ಭಾರ ಆ ಕಡೆ ಬೀಳದ ಹಾಗೆ ನೋಡಿಕೊಳ್ಳುತ್ತದೆ. ಇವರಿಗೆ ಆ ಕಾವಲು ಇಲ್ಲ. ರಾತ್ರಿ ಕೂಡಿದ ಹೊಸ ಅಂಗಾಂಶವನ್ನು ಬೆಳಗಿನ ಹೆಜ್ಜೆಗಳು ಅರೆದುಹಾಕುತ್ತವೆ. ಸಕ್ಕರೆ ಜಾಸ್ತಿ ಇದ್ದರೆ ಬಿಳಿ ರಕ್ತಕಣಗಳೂ ಮಂದ. ಕೆಲವರಿಗೆ ರಕ್ತನಾಳವೂ ಕಟ್ಟಿರುತ್ತದೆ. ಅಂಥವರಿಗೆ ರಕ್ತ ಹರಿಯುವಂತೆ ಮಾಡುವುದೇ ಮೊದಲ ಕೆಲಸ.

ಹಾಗಾಗಿ ಜಡ್ಡು ಕೆರೆದು ತೆಗೆದು, ಮೊಣಕಾಲ ಕೆಳಗಿನವರೆಗೆ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಎಂಬ ಗಟ್ಟಿ ಕಟ್ಟು ಹಾಕಿದರು. ಪಾದಕ್ಕೂ ಕಾಲಿಗೂ ಅಂಟಿದಂತೆ ಕೂರುವ ಇದು ಭಾರವನ್ನು ಹಂಚುತ್ತದೆ. ಅದಕ್ಕಿಂತ ಮುಖ್ಯ, ಬಿಚ್ಚಿಡಲು ಆಗುವುದಿಲ್ಲ! ಮೊದಲ ಕಾಸ್ಟ್ ಎರಡು ಮೂರು ದಿನಕ್ಕೇ ತೆಗೆದು ಉಜ್ಜಿದ ಗಾಯವಾಗಿದೆಯಾ ನೋಡಿದರು, ಆಮೇಲೆ ವಾರಕ್ಕೊಮ್ಮೆ.

ಕಾಸ್ಟ್ ಹಾಕುವ ಮುಂಚೆ ಸೋಂಕು ನೋಡಲೇಬೇಕು, ಒಳಗೆ ಮುಚ್ಚಿದರೆ ಕಾಣುವುದಿಲ್ಲ. ಕೆಂಪು, ಊತ, ಬಿಸಿ, ನೋವು, ಕೀವು, ಇವುಗಳಲ್ಲಿ ಎರಡಾದರೂ ಇದ್ದರೆ ಸೋಂಕು ಎಂದೇ ಲೆಕ್ಕ. ನೋವಿಗಾಗಿ ಕಾಯಬೇಡಿ, ನರ ಸತ್ತಿದೆ ಅಲ್ವಾ? ಕೆಂಪು ಅಂಚಿನಿಂದ 2 ಸೆಂ.ಮೀ. ದಾಟಿದರೆ, ಜ್ವರ ಬಂದರೆ, ಚರ್ಮ ಕಪ್ಪಾದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಹುಣ್ಣಿನೊಳಗೆ ಪ್ರೋಬ್ ಎಂಬ ಮೊಂಡು ತುದಿಯ ಲೋಹದ ಕಡ್ಡಿ ಇಟ್ಟಾಗ ಗಟ್ಟಿ ಮೂಳೆ ತಗುಲಿದರೆ ಮೂಳೆ ಸೋಂಕಿನ ಅನುಮಾನ, ಎಕ್ಸ್‌ರೇ ಬೇಕು. ಈ ಯಾವುದೂ ಇಲ್ಲದ ಹುಣ್ಣಿಗೆ ಆಂಟಿಬಯಾಟಿಕ್ ಕೊಟ್ಟರೆ ಬೇಗ ಮಾಯುವುದಿಲ್ಲ.

ಕಾಸ್ಟ್ ಹಾಕಿದ ನಾಲ್ಕನೇ ವಾರಕ್ಕೆ ಗೌಡರ ಹುಣ್ಣು 1.2 ಚದರ ಸೆಂ.ಮೀ.ಗೆ ಬಂತು, ಅಂಚಿನಲ್ಲಿ ಜಡ್ಡಿಲ್ಲ. ಕಾಸ್ಟ್‌ನಿಂದ ಬಲಗಾಲು ಎತ್ತರವಾಗಿದ್ದಕ್ಕೆ ಎಡಗಾಲಿನ ಚಪ್ಪಲಿಗೂ ತಳ ಸೇರಿಸಿ ಎತ್ತರಿಸಿದ್ದೆವು. ಅಲ್ಲೂ ಹುಣ್ಣಾಗಬಹುದು ಎಂದು ಪ್ರತಿ ವಾರ ಆ ಎಡ ಅಂಗಾಲನ್ನೂ ತಿರುಗಿಸಿ ನೋಡುತ್ತಿದ್ದೆವು.