“ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?”

ಪ್ರಶ್ನೆ: ನೀವು ಕೆಲಸಕ್ಕೂ ಹೋಗ್ತೀರಿ, ಮನೆಯಲ್ಲಿ ಸ್ಕೂಲಿಗೆ ಹೋಗೋ ಮಗಳೂ ಇದ್ದಾಳೆ. ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ? ನಿಮ್ಮ ಟೈಮ್ ಟೇಬಲ್ ಹೇಳಿ.

ಉತ್ತರ: 5:45ಕ್ಕೆ.

ಈ ಉತ್ತರ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೊಟ್ಟ ಕೂಡಲೇ ಎದುರಿನಿಂದ ಬರುವ ಮಾತೂ ಒಂದೇ. “ಒಂದು ಗಂಟೆ ಮುಂಚೆ ಎದ್ದು ನೋಡಿ, ಎಲ್ಲಾ ಸರಿಹೋಗುತ್ತೆ.” ಹಾಗಾಗಿ ಟೈಮ್ ಟೇಬಲ್ ಆಮೇಲೆ. ಈ ಸಲ ಮೊದಲು ಈ ಮಾತನ್ನೇ ಬಿಚ್ಚಿ ನೋಡೋಣ.

ನಾನು 4:30ಕ್ಕೆ ಎದ್ದು ನೋಡಿದ್ದೇನೆ. ಒಂದೆರಡು ದಿನ ಅಲ್ಲ, ಪೂರ್ತಿ ಮೂರು ವಾರ. ಮಗಳ ಹಳೇ ರಫ್ ನೋಟ್‌ಬುಕ್‌ನಲ್ಲಿ ಎದ್ದ ಹೊತ್ತು, ಮಲಗಿದ ಹೊತ್ತು, ನಡುವೆ ಮಾಡಿದ ಕೆಲಸ, ಎಲ್ಲಾ ಬರೆದಿಟ್ಟೆ. ಏಳುವ ಹೊತ್ತು ಹಿಂದಕ್ಕೆ ಹೋಯಿತು. ಮಲಗುವ ಹೊತ್ತು ಅಲ್ಲಾಡಲಿಲ್ಲ. ಹೇಗೆ ಅಲ್ಲಾಡುತ್ತೆ? ಮಗಳು ಮಲಗೋದೇ ಹತ್ತು ಗಂಟೆಗೆ. ಅದಾದ ಮೇಲೆ ಪಾತ್ರೆ, ಅಡುಗೆ ಕಟ್ಟೆ, ಮರುದಿನದ ಯೂನಿಫಾರ್ಮ್. ನಾನು ದಿಂಬಿಗೆ ತಲೆ ಕೊಡುವಾಗ 10:45. ಅಲ್ಲಿಂದ 5:45ಕ್ಕೆ ಏಳು ಗಂಟೆ ನಿದ್ದೆ. 4:30ಕ್ಕೆ ಎದ್ದರೆ ಐದೂ ಮುಕ್ಕಾಲು. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ವೈದ್ಯರು ಹೇಳುತ್ತಾರೆ. ಅಂದರೆ ನನಗೆ ಹೊಸದಾಗಿ ಸಮಯ ಸಿಗಲಿಲ್ಲ, ನಿದ್ದೆಯಿಂದ ಕಿತ್ತುಕೊಂಡೆ ಅಷ್ಟೇ.

ಸರಿ, ಕಿತ್ತುಕೊಂಡ ಆ 75 ನಿಮಿಷದಲ್ಲಾದರೂ ಕೆಲಸ ಮುಗಿಯಿತಾ? ಇಲ್ಲ. ಕಾರಣ ತುಂಬಾ ಸರಳ. ಬೆಳಗಿನ ಕೆಲಸ ಬೇರೆಯವರ ಹೊತ್ತಿಗೆ ಕಟ್ಟಿಹಾಕಿದ ಕೆಲಸ. ಹಾಲು ಬರೋದು ಆರಕ್ಕೆ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಆರೂವರೆಗೆ. ನಾಲ್ಕೂವರೆಗೆ ಮಿಕ್ಸಿ ಹಾಕಿದರೆ ಮಗಳು ಎದ್ದು ಕೂರುತ್ತಾಳೆ, ಮೇಲಿನ ಮನೆಯವರೂ ಏಳುತ್ತಾರೆ. ಐದಕ್ಕೆ ಹೊಯ್ದ ದೋಸೆ ಏಳಕ್ಕೆ ಚರ್ಮದ ಹಾಗೆ ಆಗಿರುತ್ತೆ. ಮಗುವನ್ನು ಒಂದು ಗಂಟೆ ಮುಂಚೆ ಎಬ್ಬಿಸಿ ಜಡೆ ಹಾಕೋಕೆ ಆಗುತ್ತಾ? ನಾನು ಬೇಗ ಎದ್ದೆ ಅಂತ ಸ್ಕೂಲ್ ವ್ಯಾನ್ 7:40ರ ಬದಲು 6:40ಕ್ಕೆ ಬರಲ್ಲ. ತರಕಾರಿ ಹೆಚ್ಚಬಹುದು, ನಿಜ. ಆದರೆ ಅದು 15 ನಿಮಿಷದ ಕೆಲಸ, ಹಿಂದಿನ ರಾತ್ರಿಯೂ ಆಗುತ್ತೆ.

ಉಳಿದ ಒಂದು ಗಂಟೆ ಎಲ್ಲಿಗೆ ಹೋಯಿತು ಅಂತ ನೋಟ್‌ಬುಕ್ ತೆರೆದು ನೋಡಿದೆ. ಮೊದಲ ವಾರ ಬಟ್ಟೆ ಮಡಿಚಿದೆ, ಕಪಾಟು ಒರೆಸಿದೆ. ಎರಡನೇ ವಾರದಿಂದ ಅತ್ತೆಯವರಿಗೆ ಐದು ಗಂಟೆಗೇ ಕಾಫಿ. ಅವರು ಕೇಳಿದ್ದಲ್ಲಿ ತಪ್ಪೇನಿಲ್ಲ. ಸೊಸೆ ಎದ್ದಿದ್ದಾಳೆ, ಅಡುಗೆಮನೆ ದೀಪ ಉರೀತಿದೆ, ಯಾರೇ ಆದರೂ ಕೇಳುತ್ತಾರೆ. ಮೂರನೇ ವಾರ ನಮ್ಮೆಜಮಾನರು ತಮ್ಮ ಇಸ್ತ್ರಿ ಬಟ್ಟೆಯನ್ನು ರಾತ್ರಿಯೇ ಕುರ್ಚಿ ಮೇಲೆ ಇಟ್ಟರು. “ಹೇಗೂ ಬೇಗ ಏಳ್ತೀಯಲ್ಲ.” ಖಾಲಿ ಹೊತ್ತು ಕಣ್ಣಿಗೆ ಬಿದ್ದರೆ ಮನೆ ಅದನ್ನು ಹಾಗೇ ಬಿಡಲ್ಲ.

ಇನ್ನು ಸಂಜೆ. ಮಗಳಿಗೆ ಮಗ್ಗಿ ಹೇಳಿಸುವಾಗ ಎಂಟೂವರೆಗೇ ಕಣ್ಣು ಮುಚ್ಚುತ್ತಿತ್ತು. ಒಂದೇ ವಾರದಲ್ಲಿ ಎರಡು ಸಲ ಸಾರಿಗೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕಿದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದವಳು ಎಂ.ಜಿ. ರಸ್ತೆಯಲ್ಲಿ ಇಳಿಯಬೇಕಿತ್ತು, ಎಚ್ಚರವಾದಾಗ ಟ್ರಿನಿಟಿ ದಾಟಿತ್ತು. ನೀವೂ ಬೇಗ ಏಳುವ ಪ್ರಯೋಗದಲ್ಲಿದ್ದರೆ ಬೆಳಿಗ್ಗೆ ಎಷ್ಟು ಕೆಲಸ ಮುಗಿಯಿತು ಅಂತ ಎಣಿಸಬೇಡಿ. ಸಂಜೆ ಎಷ್ಟು ತಪ್ಪಾಯಿತು, ಮಗುವಿನ ಮೇಲೆ ಎಷ್ಟು ಸಲ ರೇಗಿದಿರಿ, ಅದನ್ನು ಎಣಿಸಿ. ಹೌದು, ಒಂಬತ್ತಕ್ಕೇ ಮಲಗೋಕೆ ಆಗುವವರು ಇದ್ದಾರೆ. ಅವರು ನಾಲ್ಕೂವರೆಗೆ ಏಳಲಿ, ತೊಂದರೆಯಿಲ್ಲ. ರಾತ್ರಿಯ ಕೆಲಸ ಬೇರೆಯವರ ಕೈಗೆ ಹೋಗದೆ ಅದು ಆಗೋ ಮಾತಲ್ಲ.

ಈಗ ಟೈಮ್ ಟೇಬಲ್. ನನ್ನ ದಿನದಲ್ಲಿ ಗೂಟ ಹೊಡೆದ ಹಾಗಿರೋದು ಮೂರೇ. 7:40ರ ವ್ಯಾನ್, 9:30ರ ಆಫೀಸ್, ಸಂಜೆ 6:30ರೊಳಗೆ ಡೇ ಕೇರ್‌ನಿಂದ ಮಗಳನ್ನು ಕರೆದುಕೊಂಡು ಬರೋದು. ಉಳಿದದ್ದೆಲ್ಲ ಈ ಮೂರರ ನಡುವೆ ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ. ಕೆಲವು ವಾರಗಳ ಹಿಂದಿನ ಒಂದು ಮಂಗಳವಾರವನ್ನೇ ತಗೊಳ್ಳಿ. ಏಳುವ ಹೊತ್ತಿಗೆ ಕೆಲಸದವರು ಬರಲ್ಲ ಅಂತ ಫೋನ್. ಕುಕ್ಕರ್ ಎರಡನೇ ವಿಷಲ್ ಹಾಕುವಾಗ ಒಂದು ಸಾಕ್ಸ್ ಇಲ್ಲ. 7:20ಕ್ಕೆ ಮಗಳಿಗೆ ನೆನಪಾಯಿತು, ಇವತ್ತು ಚಾರ್ಟ್ ಪೇಪರ್ ತರಬೇಕಂತೆ. ವ್ಯಾನ್ ಬರುವ ದಾರಿಯ ಅಂಗಡಿ ತೆರೆದಿತ್ತು, ಸಿಕ್ಕಿತು. ಅವಳು ಹತ್ತಿದಳು. ಆದರೆ ಆ ಓಡಾಟದಲ್ಲಿ ಅಕ್ಕಿ, ಉದ್ದಿನಬೇಳೆ ನೆನೆಹಾಕೋದು ಬಿಟ್ಟುಹೋಯಿತು. ಬುಧವಾರ ದೋಸೆ ಹೋಗಿ ಅವಲಕ್ಕಿ ಒಗ್ಗರಣೆ ಬಂತು.

ಈ ದೋಸೆ ಹಿಟ್ಟಿನ ಬಗ್ಗೆ ಯಾರೂ ನನ್ನನ್ನು ಕೇಳಲ್ಲ. ಆದರೆ ಟೈಮ್ ಟೇಬಲ್ ಯಾಕೆ ಸುಳ್ಳಾಗುತ್ತೆ ಅನ್ನೋದು ಪೂರ್ತಿ ಇದರಲ್ಲೇ ಇದೆ. ಬುಧವಾರ 6:45ಕ್ಕೆ ಕಾವಲಿ ಮೇಲೆ ದೋಸೆ ಬೇಕು. ಹಿಟ್ಟು ಉಬ್ಬಲು ಹತ್ತು ಗಂಟೆಯಾದರೂ ಬೇಕು, ಬೆಂಗಳೂರಿನ ಡಿಸೆಂಬರ್ ಚಳಿಗೆ ಇನ್ನೂ ಜಾಸ್ತಿ. ಅಂದರೆ ಮಂಗಳವಾರ ರಾತ್ರಿ ಎಂಟರೊಳಗೆ ರುಬ್ಬಿ ಮುಗಿದಿರಬೇಕು. ನೆನೆಯಲು ನಾಲ್ಕೈದು ಗಂಟೆ ಸಾಕು. ಹಾಗಾದರೆ ಮಧ್ಯಾಹ್ನ ಮೂರಕ್ಕೆ ನೆನೆಹಾಕಬೇಕು. ಮೂರಕ್ಕೆ ನಾನು ಆಫೀಸಿನಲ್ಲಿದ್ದೇನೆ. ಅದಕ್ಕೇ ಬೆಳಿಗ್ಗೆ 7:30ಕ್ಕೆ, ವ್ಯಾನಿನ ಗಡಿಬಿಡಿಯಲ್ಲೇ ಆ ಕೆಲಸ ಆಗಬೇಕು. ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಟ್ಟರೆ ನೀರು ಹುಳಿ ವಾಸನೆ ಬರುತ್ತೆ, ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಡಬೇಕು.

ನೆನೆಹಾಕೋಕೆ ಎರಡು ನಿಮಿಷ. ಆ ಎರಡು ನಿಮಿಷ ಯಾವಾಗ ಬರಬೇಕು ಅಂತ ಹಿಂದಿನ ದಿನದಿಂದ ತಲೆಯಲ್ಲಿ ಇಟ್ಟುಕೊಳ್ಳೋದು ಬೇರೆಯೇ ಕೆಲಸ. ಕೇಂದ್ರ ಸರ್ಕಾರ 2024ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತು. ಜನರ ಒಂದು ದಿನವನ್ನು ಅರ್ಧರ್ಧ ಗಂಟೆಯಾಗಿ ಭಾಗ ಮಾಡಿ ಏನು ಮಾಡಿದಿರಿ ಅಂತ ಕೇಳುವ ಸಮೀಕ್ಷೆ ಅದು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಕೈ ಮಾಡುವ ಕೆಲಸ ಇದರಲ್ಲಿ ಸಿಗುತ್ತೆ. ಮೆಟ್ರೋದಲ್ಲಿ ನಿಂತು “ಉದ್ದಿನಬೇಳೆ ಮುಗೀತಾ ಬಂತಲ್ಲ” ಅಂತ ಯೋಚಿಸಿದ್ದು ಯಾವ ಅರ್ಧ ಗಂಟೆಗೆ ಸೇರಬೇಕು? ಅಲ್ಲಿ ಅದು ಬರೀ ಪ್ರಯಾಣ.

ಅದಕ್ಕೇ “ಯಜಮಾನರು ಹೆಲ್ಪ್ ಮಾಡ್ತಾರಾ?” ಅನ್ನೋ ಪ್ರಶ್ನೆ ನನಗೆ ಸಾಲದು. ಹೇಳಿದಾಗ ಗ್ರೈಂಡರ್ ಹಾಕೋದು ಹೆಲ್ಪ್. ಆಗಲೂ ನೆನಪು ನನ್ನದೇ. ನಾವು ಕೂತು ಮಾತಾಡಿ ಹಿಟ್ಟನ್ನು ಪೂರ್ತಿ ಅವರಿಗೆ ಬಿಟ್ಟೆವು. ಬೇಳೆ ತರೋದು, ನೆನೆಹಾಕೋದು, ರುಬ್ಬೋದು, ಗ್ರೈಂಡರ್ ತೊಳೆಯೋದು, ಚಳಿಗಾಲದಲ್ಲಿ ಪಾತ್ರೆಗೆ ಟವೆಲ್ ಸುತ್ತೋದು, ಎಲ್ಲಾ ಅವರದು. ನಾನು ನೆನಪಿಸಬಾರದು ಅಂತಲೂ ಮಾತಾಯಿತು. ಅದು ನನಗೆ ಕಷ್ಟವಾಯಿತು. ಡಬ್ಬಿ ಖಾಲಿಯಾಗುವುದು ಕಂಡರೂ ಬಾಯಿ ಮುಚ್ಚಿಕೊಂಡಿರಬೇಕು, ಅಲ್ವಾ? ಮೊದಲ ಎರಡು ವಾರದಲ್ಲಿ ಮೂರು ದಿನ ಅವಲಕ್ಕಿ ತಿಂದೆವು. ಒಂದು ದಿನ ಹಿಟ್ಟು ಉಬ್ಬದೆ ದೋಸೆ ದಪ್ಪ ರೊಟ್ಟಿಯ ಹಾಗೆ ಬಂತು, ಮಗಳು ಅರ್ಧ ಬಿಟ್ಟಳು. ನಾನು ಏನೂ ಹೇಳಲಿಲ್ಲ.

ಹೋದ ಭಾನುವಾರ ಸಾಮಾನಿನ ಚೀಟಿ ಬರೆಯೋಕೆ ಕೂತೆ. ಚೀಟಿಯ ಮೇಲೆ ಆಗಲೇ ಒಂದು ಸಾಲು ಇತ್ತು, ಅವರ ಅಕ್ಷರದಲ್ಲಿ: ಉದ್ದಿನಬೇಳೆ, ಎರಡು ಕೆಜಿ.